ಮಳೆಯನ್ನು ಮಾರಿದ ಕೇರಳ

ಕೇರಳದ ಪ್ರವಾಸೋದ್ಯಮದವರ ಬಾಯಲ್ಲಿ ವರ್ಷಕ್ಕೆ ಎರಡೇ ಕಾಲ: ಸೀಸನ್ ಮತ್ತು ಆಫ್ ಸೀಸನ್. ನವೆಂಬರ್ ಕಳೆಯುತ್ತಿದ್ದಂತೆ ಕೋವಳಂ ಕಡಲತೀರ ತುಂಬತೊಡಗುತ್ತದೆ, ಕ್ರಿಸ್‌ಮಸ್ ಹೊತ್ತಿಗೆ ಆಲಪ್ಪುಳದ ಹೌಸ್‌ಬೋಟು ಕೇಳಿದ ರೇಟಿಗೂ ಸಿಗುವುದಿಲ್ಲ. ಜೂನ್ 1ರ ಆಸುಪಾಸಿನಲ್ಲಿ ಮುಂಗಾರು ಇಳಿಯಿತೆಂದರೆ ಎಲ್ಲವೂ ತಿರುಗಿ ಬೀಳುತ್ತದೆ. ಕಡಲು ಕೆರಳುತ್ತದೆ, ದಡದಲ್ಲಿ ಕೆಂಪು ಬಾವುಟ ನಿಲ್ಲುತ್ತದೆ, ದೋಣಿಗಳು ಸಾಲಾಗಿ ಕಟ್ಟಿಹಾಕಿಕೊಂಡು ನೆನೆಯುತ್ತವೆ.

ಇದಕ್ಕೆಲ್ಲ ಹವಾಮಾನವನ್ನೇ ದೂರುವುದು ರೂಢಿ. ಆದರೆ ಮೇ ತಿಂಗಳನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಕೇರಳದ ಮೇ ತಿಂಗಳು ಬೆವರಿನ ತಿಂಗಳು, ಆದರೂ ಆಗ ಬೆಂಗಳೂರು, ಚೆನ್ನೈಗಳಿಂದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತವೆ, ಏಕೆಂದರೆ ಶಾಲೆಗೆ ರಜೆ. ಐರೋಪ್ಯರು ಡಿಸೆಂಬರಿನಲ್ಲಿ ಬರುವುದಕ್ಕೆ ಕೇರಳದ ಬಿಸಿಲು ಎಷ್ಟು ಕಾರಣವೋ ಅವರ ಊರಿನ ಹಿಮವೂ ಅಷ್ಟೇ ಕಾರಣ. ಹೀಗೆ ಸೀಸನ್ನಿಗೆ ಎರಡು ಬೇರುಗಳಿವೆ. ಒಂದು ಆಕಾಶದ್ದು, ಇನ್ನೊಂದು ಕ್ಯಾಲೆಂಡರಿನದು. ಮೊದಲನೆಯದನ್ನು ಯಾವ ಜಾಹೀರಾತೂ ಅಲುಗಿಸಲಾರದು. ಎರಡನೆಯದಕ್ಕೆ ಉಪಾಯವಿದೆ: ಬೇರೆ ಕ್ಯಾಲೆಂಡರಿನಲ್ಲಿ ಬದುಕುವ ಗಿರಾಕಿಯನ್ನು ಹುಡುಕುವುದು.

ಖಾಲಿ ತಿಂಗಳು ಏಕೆ ಇಷ್ಟು ನೋಯಿಸುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ರೆಸಾರ್ಟಿನ ಲೆಕ್ಕ ಸಾಕು. ಇಪ್ಪತ್ತು ರೂಮು. ಸಂಬಳ, ಬ್ಯಾಂಕಿನ ಕಂತು, ಕಟ್ಟಡದ ನಿರ್ವಹಣೆ ಸೇರಿ ತಿಂಗಳಿಗೆ 6 ಲಕ್ಷ ರೂಪಾಯಿ ಖರ್ಚು, ಒಬ್ಬರೂ ಬಾರದಿದ್ದರೂ ಇದು ತಪ್ಪದು. ಒಂದು ರೂಮಿಗೆ ಅತಿಥಿ ಬಂದರೆ ತಿಂಡಿ, ಹಾಸಿಗೆ ಬಟ್ಟೆಯ ಒಗೆತ ಎಂದು ರಾತ್ರಿಗೆ ಮೇಲುಖರ್ಚು 600. ಸೀಸನ್ನಿನಲ್ಲಿ ಬಾಡಿಗೆ 5,000, ಮಳೆಗಾಲದಲ್ಲಿ ಅರ್ಧಕ್ಕರ್ಧ ಇಳಿಸಿ 2,500. ಜುಲೈಯಲ್ಲಿ ಮಾರಾಟಕ್ಕಿರುವುದು ಸುಮಾರು 600 ರಾತ್ರಿ. ಅದರಲ್ಲಿ ಐದರಲ್ಲೊಂದು ಪಾಲು, ಅಂದರೆ 120 ಮಾತ್ರ ಹೋದರೆ ಕೈಗೆ ಉಳಿಯುವುದು 2 ಲಕ್ಷ 28 ಸಾವಿರ. ನಷ್ಟ 3 ಲಕ್ಷ 72 ಸಾವಿರ. ಅಂಗಡಿಯವನಾದರೆ ಮಾರದ ಸಕ್ಕರೆಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳುತ್ತಾನೆ. ಜುಲೈ 10ರ ರಾತ್ರಿಯನ್ನು ಡಿಸೆಂಬರಿಗೆ ಎತ್ತಿಡಲು ಯಾವ ಉಗ್ರಾಣವೂ ಇಲ್ಲ.

ರೇಟು ಇಳಿಸಿಯೇ ಅರ್ಧ ರೂಮುಗಳನ್ನು ತುಂಬಿಸಿದರು ಎಂದುಕೊಂಡರೂ 300 ರಾತ್ರಿಗೆ ತಲಾ 1,900ರಂತೆ ಉಳಿಯುವುದು 5 ಲಕ್ಷ 70 ಸಾವಿರ. ಆಗಲೂ ಅಸಲು ಹುಟ್ಟಲಿಲ್ಲ. ಜೊತೆಗೆ ಇನ್ನೊಂದು ತೊಡಕು. ಜುಲೈಯಲ್ಲಿ 2,500ಕ್ಕೆ ಮಲಗಿಹೋದವರು ಡಿಸೆಂಬರಿನಲ್ಲಿ 5,000 ಕೇಳಿದರೆ ಹುಬ್ಬೇರಿಸುತ್ತಾರೆ. ಅವರ ಲೆಕ್ಕದಲ್ಲಿ ಆ ರೂಮಿನ ನಿಜವಾದ ಬೆಲೆ 2,500ಕ್ಕೆ ನಿಂತಿದೆ. ಆದ್ದರಿಂದ ರಿಯಾಯಿತಿ ಸುಲಭದ ಮದ್ದು, ಒಳ್ಳೆಯ ಮದ್ದಲ್ಲ.

ಕೇರಳ ಪ್ರವಾಸೋದ್ಯಮಕ್ಕೆ ಉದ್ಯಮದ ಸ್ಥಾನ ಕೊಟ್ಟದ್ದು 1986ರಲ್ಲಿ. ‘ಗಾಡ್ಸ್ ಓನ್ ಕಂಟ್ರಿ’ ಎಂಬ ಘೋಷವಾಕ್ಯ ಬಂದದ್ದು 1989ರಲ್ಲಿ, ಮುದ್ರಾ ಜಾಹೀರಾತು ಸಂಸ್ಥೆಯ ವಾಲ್ಟರ್ ಮೆಂಡಿಸ್ ಅವರಿಂದ. ನ್ಯೂಜಿಲೆಂಡಿನವರು ಅದಕ್ಕೂ ಬಹಳ ಹಿಂದೆಯೇ ತಮ್ಮ ನಾಡನ್ನು ಹೀಗೆ ಕರೆದುಕೊಂಡಿದ್ದರು, ಆದರೆ ಭಾರತದ ಓದುಗರಿಗೆ ಈ ಮಾತು ಇಂದು ಕೇರಳದ್ದೇ. ತಾಣದ ಪ್ರಚಾರದಲ್ಲಿ ಒಂದು ವಿಚಿತ್ರವಿದೆ: ಜಾಹೀರಾತು ಕೊಡುವ ಇಲಾಖೆಯ ಕೈಯಲ್ಲಿ ಮಾರುವ ಸರಕೇ ಇರುವುದಿಲ್ಲ. ದೋಣಿ ಒಬ್ಬರದು, ರೂಮು ಇನ್ನೊಬ್ಬರದು, ರಸ್ತೆ ಮತ್ತೊಂದು ಇಲಾಖೆಯದು, ಕಸ ಪಂಚಾಯತಿಯದು. ಇಲಾಖೆ ನಿಜವಾಗಿ ನಿರ್ಮಿಸಬಲ್ಲದ್ದು ನೋಡದವರ ಮನಸ್ಸಿನಲ್ಲಿ ಒಂದು ಚಿತ್ರವನ್ನು ಮಾತ್ರ.

ಆ ಚಿತ್ರ ಬಲವಾಗಿಯೇ ನಿಂತಿತು: ತೆಂಗಿನ ಸಾಲು, ನಿಶ್ಚಲ ಹಿನ್ನೀರು, ನಡುವೆ ಒಂದು ಕೆಟ್ಟುವಳ್ಳಂ. ಒಂದು ಕಾಲಕ್ಕೆ ಭತ್ತ ಸಾಗಿಸುತ್ತಿದ್ದ, ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದ ದೋಣಿಗಳಿವು. ಲಾರಿಗಳು ಬಂದು ಕೆಲಸ ಕಳೆದುಕೊಂಡಿದ್ದ ಇವಕ್ಕೆ 1990ರ ದಶಕದಲ್ಲಿ ಹಾಸಿಗೆ, ಅಡುಗೆಮನೆ ಕೂಡಿಸಿ ಹೌಸ್‌ಬೋಟು ಮಾಡಲಾಯಿತು. ಆದರೆ ಇಡೀ ಚಿತ್ರ ಬಿಸಿಲಿನದು. ನೀಲಿ ಆಕಾಶ ಅದರ ಒಂದು ಅಂಗ. ಪ್ರಚಾರ ಗೆದ್ದಷ್ಟೂ ಮಳೆಯ ಕೇರಳ ಆ ಚಿತ್ರದ ಹೊರಗೇ ಉಳಿಯಿತು. ತಾಣದ ಚಿತ್ರಣ ಹೀಗೆ ಸೀಸನ್ನನ್ನು ತಾನೇ ಗಟ್ಟಿಮಾಡುವುದುಂಟು.

ಮಳೆಯನ್ನು ಚಿತ್ರದೊಳಕ್ಕೆ ತರಲು ಹೊಸದೇನನ್ನೂ ಕಲ್ಪಿಸಬೇಕಾಗಲಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಸೌರಮಾಸವನ್ನು ಮಲಯಾಳಿಗಳು ಕರ್ಕಟಕವೆನ್ನುತ್ತಾರೆ. ತುಳುನಾಡಿನ ಆಟಿ, ಕೊಡಗಿನ ಕಕ್ಕಡ ಇದೇ ತಿಂಗಳು. ಗದ್ದೆಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಅಕ್ಕಿಯಿಲ್ಲ, ಶುಭಕಾರ್ಯವಿಲ್ಲ. ‘ಕಳ್ಳ ಕರ್ಕಟಕ’ವೆಂದೇ ಅದಕ್ಕೆ ಹೆಸರು. ದೇಹ ಕುಗ್ಗುವ ಈ ತಿಂಗಳಿನಲ್ಲೇ ಔಷಧಿಯ ಗಂಜಿ ಕುಡಿದು, ಎಣ್ಣೆ ಹಚ್ಚಿಸಿಕೊಂಡು ಮೈ ಸರಿಮಾಡಿಕೊಳ್ಳುವ ಪದ್ಧತಿ ಬೆಳೆದಿತ್ತು. ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿಯುವವರಿಗೆ, ಕಕ್ಕಡದಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇರಳದ ಪ್ರಚಾರಕರು ಈ ಮನೆಯ ಪದ್ಧತಿಯನ್ನು ಎತ್ತಿಕೊಂಡು, ಆಯುರ್ವೇದ ಚಿಕಿತ್ಸೆಗೆ ಮಳೆಗಾಲವೇ ತಕ್ಕ ಕಾಲ ಎಂದು ಹೊರಗಿನವರಿಗೆ ಹೇಳತೊಡಗಿದರು.

ಇದು ಬರೀ ಮಾತಿನ ಚಮತ್ಕಾರವಾಗಿದ್ದರೆ ನಿಲ್ಲುತ್ತಿರಲಿಲ್ಲ. ಚಿಕಿತ್ಸೆಯ ಕಟ್ಟುಪಾಡುಗಳೇ ಇದಕ್ಕೆ ಒದಗಿಬಂದವು. ಎಣ್ಣೆ ಪಿಳಿಚ್ಚಿಲ್ ಮಾಡಿಸಿಕೊಳ್ಳುವವರು ಮರದ ದ್ರೋಣಿಯಲ್ಲಿ ಮಲಗುತ್ತಾರೆ. ಬೆಚ್ಚನೆಯ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಇಬ್ಬರು ಎರಡು ಪಕ್ಕದಿಂದ ಹಿಂಡುತ್ತ ಉಜ್ಜುತ್ತಾರೆ, ಎಣ್ಣೆ ಹರಿದು ಕೆಳಗೆ ಕೂಡಿದ್ದನ್ನು ಮತ್ತೆ ಬಿಸಿಮಾಡುತ್ತಾರೆ. ಆಮೇಲೆ ಪಥ್ಯ. ಬಿಸಿಲಿಗೆ ಹೋಗಬಾರದು, ಕಡಲಲ್ಲಿ ಈಜಬಾರದು, ಮದ್ಯ ಕೂಡದು, ಸುತ್ತಾಟ ಕಡಿಮೆ. ಡಿಸೆಂಬರಿನಲ್ಲಿ ಇಷ್ಟು ನಿಷೇಧಗಳನ್ನು ಹೇಳಿದರೆ ಪ್ರವಾಸಿ ಎದ್ದುಹೋಗುತ್ತಾನೆ. ಜುಲೈಯಲ್ಲಿ ಹೊರಗೆ ಹೋಗಲು ಮಳೆಯೇ ಬಿಡುವುದಿಲ್ಲ, ಹಾಗಾಗಿ ನಿಷೇಧ ಯಾರಿಗೂ ಭಾರವಾಗದು. ತಾಣದ ಕೊರತೆಯೇ ಸೇವೆಯ ನಿಯಮದೊಂದಿಗೆ ಹೊಂದಿಕೊಂಡುಬಿಟ್ಟಿತು.

ಮೊದಲಿನ ರೆಸಾರ್ಟಿಗೇ ಇದನ್ನು ಹಚ್ಚಿ ನೋಡಬಹುದು. ವೈದ್ಯರು, ಎಣ್ಣೆ, ಪಥ್ಯದ ಊಟ ಸೇರಿ ಮೇಲುಖರ್ಚು ರಾತ್ರಿಗೆ 2,200 ಆಯಿತೆನ್ನೋಣ. ಚಿಕಿತ್ಸೆ ಸೇರಿದ ದರ 5,000. ಅದೇ 300 ರಾತ್ರಿ ಹೋದರೆ ಉಳಿಕೆ 8 ಲಕ್ಷ 40 ಸಾವಿರ, ಖರ್ಚು ಕಳೆದು 2 ಲಕ್ಷ 40 ಸಾವಿರ ಲಾಭ. ಬೆಲೆ ಇಳಿಸಿದ್ದಿಲ್ಲ, ಬೇರೆ ಸರಕನ್ನು ಮಾರಿದ್ದು. ಇನ್ನೂ ಮುಖ್ಯವಾದದ್ದು ತಲೆಗಳ ಲೆಕ್ಕ. ಎರಡು ರಾತ್ರಿ ಇದ್ದುಹೋಗುವವರಿಂದ 300 ರಾತ್ರಿ ತುಂಬಿಸಲು 150 ಬುಕಿಂಗ್ ಬೇಕು. ಹದಿನಾಲ್ಕು ದಿನದ ಚಿಕಿತ್ಸೆಗೆ ಬರುವವರಾದರೆ ಇಪ್ಪತ್ತೆರಡು ಸಾಕು. ಮಳೆಯಲ್ಲೂ ಬರಲು ಒಪ್ಪುವ 150 ಮಂದಿಯನ್ನು ಹುಡುಕುವುದು ದುಸ್ತರ. ಇಪ್ಪತ್ತೆರಡು ಮಂದಿಯನ್ನು ಹುಡುಕಬಹುದು.

ಬೇರೆ ಕ್ಯಾಲೆಂಡರಿನ ಗಿರಾಕಿ ಕೊಲ್ಲಿ ದೇಶಗಳಲ್ಲಿ ಸಿಕ್ಕ. ಅಲ್ಲಿ ಜುಲೈ, ಆಗಸ್ಟ್ ಎಂದರೆ ಸುಡುಬಿಸಿಲು ಮತ್ತು ಶಾಲಾ ರಜೆ. ಅಲ್ಲಿಂದ ಬರುವ ಕುಟುಂಬಕ್ಕೆ ಮಳೆಯೇ ನೋಡುವ ವಸ್ತು. ದುಡಿಯಲು ಹೋದ ಮಲಯಾಳಿಗಳಿಂದಾಗಿ ನೇರ ವಿಮಾನಗಳೂ ಮೊದಲೇ ಇದ್ದವು.

ಬೇಡಿಕೆ ಬಂದ ಮೇಲೆ ಬರುವ ರೋಗವೂ ಬಂತು. ಕಡಲತೀರದುದ್ದಕ್ಕೂ ಎಣ್ಣೆ ಸೀಸೆ ಇಟ್ಟುಕೊಂಡವರೆಲ್ಲ ಆಯುರ್ವೇದದ ಬೋರ್ಡು ಹಾಕಿದರು. ಒಂದು ಗಂಟೆಯ ಮಾಲೀಶಿಗೂ ಎರಡು ವಾರದ ಚಿಕಿತ್ಸೆಗೂ ಇರುವ ಅಂತರ ದೂರದಿಂದ ಬಂದವರಿಗೆ ಗೊತ್ತಾಗುವುದಿಲ್ಲ. ಸೇವೆಯನ್ನು ಕೊಳ್ಳುವ ಮುನ್ನ ಮುಟ್ಟಿನೋಡಲಾಗದು. ಸರ್ಕಾರ ‘ಗ್ರೀನ್ ಲೀಫ್’, ‘ಆಲಿವ್ ಲೀಫ್’ ಎಂಬ ಎರಡು ದರ್ಜೆಗಳ ಮಾನ್ಯತೆ ತಂದದ್ದು ಇದಕ್ಕೇ. ಅರ್ಹ ವೈದ್ಯರು, ತರಬೇತಾದ ಚಿಕಿತ್ಸಕರು, ತಕ್ಕ ಕೊಠಡಿ ಮತ್ತು ಸಲಕರಣೆ ಇದ್ದರೆ ಮಾತ್ರ ಆ ಎಲೆಯ ಗುರುತು ಸಿಗುತ್ತಿತ್ತು.

ಮಳೆಯನ್ನು ಚಿತ್ರಕ್ಕೆ ಸೇರಿಸಿದ್ದರ ಬೆಲೆ 2018ರಲ್ಲಿ ತಿಳಿಯಿತು. ಆ ಮೇ ತಿಂಗಳಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಸೋಂಕು ಕಾಣಿಸಿಕೊಂಡಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಆ ವರ್ಷ ಮುನ್ನಾರಿನಲ್ಲಿ ಅರಳುವುದಿತ್ತು, ಆಫ್ ಸೀಸನ್ನಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಆಗಸ್ಟಿನಲ್ಲಿ ಮಹಾಪ್ರವಾಹ ಬಂತು. ಕೊಚ್ಚಿ ವಿಮಾನ ನಿಲ್ದಾಣ 15ರಿಂದ 29ರವರೆಗೆ ಮುಚ್ಚಿತು, ಮುನ್ನಾರಿನ ರಸ್ತೆಗಳು ಕುಸಿದವು, ಆಗಸ್ಟಿನ ನೆಹರೂ ಟ್ರೋಫಿ ದೋಣಿ ಸ್ಪರ್ಧೆ ನವೆಂಬರ್ 10ಕ್ಕೆ ಹೋಯಿತು. ಆದರೂ ವರ್ಷದ ಒಟ್ಟು ಪ್ರವಾಸಿಗರು ಸುಮಾರು 1.67 ಕೋಟಿ, ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಶೇ. 6ರಷ್ಟು ಹೆಚ್ಚೇ. ಮೊದಲ ತಿಂಗಳುಗಳ ಭರಾಟೆ ಕೊನೆಯ ತಿಂಗಳುಗಳ ಕುಸಿತವನ್ನು ಮುಚ್ಚಿಹಾಕಿತ್ತು. ಸೀಸನ್ನಿನ ಸಮಸ್ಯೆಯನ್ನು ವಾರ್ಷಿಕ ಅಂಕಿಯಲ್ಲಿ ಹುಡುಕಿದರೆ ಸಿಗದು, ತಿಂಗಳ ಲೆಕ್ಕವನ್ನೇ ಬಿಚ್ಚಬೇಕು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಜರಿದಾಗ ಇನ್ನೊಂದು ಪಾಠ ಎದುರಾಯಿತು. ದುರಂತ ನಡೆದದ್ದು ಒಂದು ಕಣಿವೆಯಲ್ಲಿ, ಜನ ಹೋಗುವುದನ್ನು ಬಿಟ್ಟದ್ದು ಇಡೀ ವಯನಾಡಿಗೆ. ಬೆಂಗಳೂರು, ಮೈಸೂರುಗಳ ವಾರಾಂತ್ಯದ ಗಿರಾಕಿಗಳನ್ನೇ ನೆಚ್ಚಿಕೊಂಡ ಜಿಲ್ಲೆ ಅದು. ಇಲಾಖೆಯ ಜಾಹೀರಾತು ಎಷ್ಟೇ ಇದ್ದರೂ ಟಿವಿಯ ಸುದ್ದಿ, ಫೋನಿಗೆ ಬರುವ ವಿಡಿಯೊ, ಅಲ್ಲಿಂದ ಬಂದ ನೆಂಟರ ಮಾತು ಕಟ್ಟುವ ಚಿತ್ರ ಹೆಚ್ಚು ನಂಬಿಕೆ ಗಳಿಸುತ್ತದೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಸೂರಿನಡಿ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೇಳುವ ಮಳೆ ಒಂದು. ಕಡಿದಾದ ಗುಡ್ಡದ ಮೇಲಿನ ರೆಸಾರ್ಟಿಗೆ ಕರೆದು ತೋರಿಸುವ ಮಳೆ ಇನ್ನೊಂದು. ಎರಡನ್ನೂ ಒಂದೇ ಪೋಸ್ಟರಿನಲ್ಲಿ ಮಾರಬಾರದು.

ಇಷ್ಟಾಗಿಯೂ ಕೇರಳದ ತಗ್ಗು ಸ್ವಲ್ಪ ತುಂಬಿದೆ, ಸಮವಾಗಿಲ್ಲ. ಡಿಸೆಂಬರ್ ಇಂದಿಗೂ ಶಿಖರವೇ. ಆಯುರ್ವೇದಕ್ಕೆ ಬರುವ ಐರೋಪ್ಯರಲ್ಲೂ ಬಹಳ ಮಂದಿ ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ.

ಕರ್ನಾಟಕದ ಜೋಗದಲ್ಲಿ ಗಂಟು ತಲೆಕೆಳಗಾಗಿದೆ. ಅಲ್ಲಿ ಮಳೆಗಾಲವೇ ಸೀಸನ್. 830 ಅಡಿ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್‌ಗಳ ಪೂರ್ಣ ರೂಪ ಪೋಸ್ಟರಿನಲ್ಲಿ ವರ್ಷವಿಡೀ ಇರುತ್ತದೆ. ಶರಾವತಿಯ ನೀರು 1964ರಿಂದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ವಿದ್ಯುತ್ತಿಗಾಗಿ ನಿಲ್ಲುತ್ತದೆ. ಹೀಗಾಗಿ ಶಾಲೆಗೆ ರಜೆ ಬರುವ ಏಪ್ರಿಲ್, ಮೇಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಕಾಣುವುದು ಬಂಡೆ ಮತ್ತು ನಾಲ್ಕು ಎಳೆ ನೀರು. ನೀರು ಭೋರ್ಗರೆಯುವ ಜುಲೈಯಲ್ಲಿ ಹೋದರೆ ಮಂಜು ಕಣಿವೆಯನ್ನು ತುಂಬಿಕೊಂಡು ಜಲಪಾತವೇ ಮರೆಯಾಗಿರುತ್ತದೆ. ಶಬ್ದವೊಂದೇ ಕೇಳುತ್ತದೆ. ಕೊಡೆ ಹಿಡಿದು ಅರ್ಧ ಗಂಟೆ ಕಾಯ್ದವರಿಗೆ ಗಾಳಿ ತಿರುಗಿದರೆ ಒಂದೆರಡು ನಿಮಿಷ ರಾಜ ಕಾಣಿಸುತ್ತಾನೆ, ಮತ್ತೆ ಪರದೆ ಬೀಳುತ್ತದೆ. ಯಾವ ತಿಂಗಳಲ್ಲಿ ಏನು ಕಾಣುತ್ತದೆ ಎಂಬುದನ್ನು ಆ ಪೋಸ್ಟರಿನ ಕೆಳಗೆ ಒಂದು ಸಾಲಿನಲ್ಲಿ ಬರೆದರೆ ಮೇ ತಿಂಗಳ ಟಿಕೆಟ್ ಒಂದಿಷ್ಟು ಕಡಿಮೆಯಾದೀತು, ಬೈದುಕೊಂಡು ಹೋಗುವವರೂ ಅಷ್ಟೇ ಕಡಿಮೆಯಾದಾರು.