ಓಪನ್‌ವಿಪಿಎನ್‌ಗೆ ಯುಡಿಪಿಯೇ ಏಕೆ ಇಷ್ಟ?

ನಾವಾಗಿ ಬದಲಿಸದಿದ್ದರೆ ಓಪನ್‌ವಿಪಿಎನ್ ಹಿಡಿಯುವುದು ಯುಡಿಪಿ ದಾರಿಯನ್ನೇ, 1194ನೇ ಪೋರ್ಟಿನಲ್ಲಿ. ಕಳೆದುಹೋದ ಪ್ಯಾಕೆಟ್ಟನ್ನು ಯುಡಿಪಿ ಮತ್ತೆ ಕಳಿಸುವುದಿಲ್ಲ. ಇಲ್ಲಿ ಅದೇ ಅನುಕೂಲ.

ರೈಲಿನಲ್ಲಿ ಕೂತು ಕಚೇರಿಯ ಫೈಲ್ ಇಳಿಸಿಕೊಳ್ಳುವಾಗ ಒಂದು ಪ್ಯಾಕೆಟ್ ಕಳೆಯಿತೆನ್ನಿ. ಫೈಲ್ ತರುತ್ತಿರುವ ಟಿಸಿಪಿಯೇ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ. ಸುರಂಗವೂ ಟಿಸಿಪಿಯದಾದರೆ, ಹೊರಗಿನ ಟಿಸಿಪಿ ಆ ಒಂದು ಪ್ಯಾಕೆಟ್ ತಲುಪುವವರೆಗೆ ಹಿಂದಿನದೆಲ್ಲವನ್ನೂ ತಡೆಯುತ್ತದೆ. ಉತ್ತರ ಬಾರದಂತೆಲ್ಲ ಕಾಯುವ ಅವಧಿ ಇಮ್ಮಡಿಯಾಗುತ್ತದೆ. ಅಷ್ಟರಲ್ಲಿ ಒಳಗಿನ ಟಿಸಿಪಿ ಅದೇ ಡೇಟಾವನ್ನು ಮತ್ತೆ ಸಾಲಿಗೆ ತಳ್ಳುತ್ತದೆ. ಪಿಂಗ್ ಸೆಕೆಂಡುಗಟ್ಟಲೆ ಏರಿ ಡೌನ್‌ಲೋಡ್ ನಿಂತೇಬಿಡಬಹುದು.

ಹೋಟೆಲಿನ ವೈಫೈ ಯುಡಿಪಿಯನ್ನೇ ತಡೆದರೆ? ಆಗ ಟಿಸಿಪಿ 443 ಕೈಹಿಡಿಯುತ್ತದೆ. ಸುರಕ್ಷಿತ ವೆಬ್‌ಸೈಟುಗಳ ಪೋರ್ಟ್ ಅದು, ಮುಚ್ಚಿದರೆ ಬ್ರೌಸಿಂಗೇ ನಿಲ್ಲುತ್ತದೆ. ಸರ್ವರ್ ಎರಡಕ್ಕೂ ಸಿದ್ಧವಿದ್ದರೆ, ಈ ಸಾಲುಗಳು ಸರದಿಯಂತೆ ಪ್ರಯತ್ನಿಸುತ್ತವೆ:

```
remote vpn.example.com 1194 udp
remote vpn.example.com 443 tcp
```

ಆದರೆ ಪ್ಯಾಕೆಟ್ಟಿನ ಒಳಗನ್ನೂ ಪರೀಕ್ಷಿಸುವ ಫೈರ್‌ವಾಲ್ 443ರಲ್ಲೂ ಓಪನ್‌ವಿಪಿಎನ್‌ನ ಗುರುತು ಹಿಡಿಯಬಲ್ಲದು.