ಮೈಕು ಕಿರುಚುವುದೇಕೆ?

ಬೊಮ್ಮನಹಳ್ಳಿಯ ಒಂದು ಕಲ್ಯಾಣ ಮಂಟಪ. ಶಾಲಾ ವಾರ್ಷಿಕೋತ್ಸವ ನಡೆಯುತ್ತಿತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು ಸ್ವಾಗತ ಭಾಷಣಕ್ಕೆ ಬಂದಳು. ಮೈಕನ್ನು ಎದೆಯ ಬಳಿ ಹಿಡಿದು ಮಾತು ಆರಂಭಿಸಿದಳು. "ಕೇಳಿಸ್ತಿಲ್ಲ!" ಎಂದು ಹಿಂದಿನ ಸಾಲಿನವರು ಕೂಗಿದರು. ಮೈಕ್ ಸೆಟ್ಟಿನವರು ಧ್ವನಿ ಹೆಚ್ಚಿಸಿದರು. ಕೂಡಲೇ 'ಕೀಂ...' ಎಂದು ಕಿವಿ ಸೀಳುವ ಸದ್ದು! ಗಾಬರಿಗೊಂಡ ಹುಡುಗಿ ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿದಳು. ಕಿರುಚಾಟ ಇನ್ನೂ ಜೋರಾಯಿತು. ಎರಡು ವಾರ ಕಲಿತ ಭಾಷಣ ಅಲ್ಲಿಗೇ ನಿಂತಿತು.

ತಪ್ಪು ಎಲ್ಲಾಯಿತು? ನೋಡೋಣ ಬನ್ನಿ.

ಕೈಯಲ್ಲಿ ಹಿಡಿಯುವ ಸಾಮಾನ್ಯ ಮೈಕಿನ ಜಾಲರಿಯೊಳಗೆ ಒಂದು ತೆಳುಪೊರೆ ಇರುತ್ತದೆ. ಅದಕ್ಕೆ ಸಣ್ಣ ತಂತಿಸುರುಳಿ ಅಂಟಿಕೊಂಡಿದೆ. ಸುತ್ತಲೂ ಆಯಸ್ಕಾಂತ. ನಿಮ್ಮ ಧ್ವನಿ ಪೊರೆಯನ್ನು ಅಲುಗಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಸ್ಪೀಕರ್ ಅದನ್ನು ಮತ್ತೆ ಧ್ವನಿಯಾಗಿಸುತ್ತದೆ. ಆದರೆ ಸ್ಪೀಕರಿನ ಧ್ವನಿ ಸಭಿಕರಿಗಷ್ಟೇ ತಲುಪುವುದಿಲ್ಲ. ಸ್ವಲ್ಪ ಭಾಗ ಮೈಕಿಗೂ ಮರಳಿ ಬರುತ್ತದೆ, ಮತ್ತೆ ಹಿಗ್ಗುತ್ತದೆ, ಮತ್ತೆ ಮರಳುತ್ತದೆ.

ಒಂದು ಸುತ್ತು ಮುಗಿಸಿ ಬಂದ ಧ್ವನಿ ಮೊದಲಿನ 0.9ರಷ್ಟಿದ್ದರೆ, ಮುಂದಿನ ಸುತ್ತಿನಲ್ಲಿ 0.81, ಆಮೇಲೆ 0.73. ಹೀಗೆ ಅದು ಸತ್ತುಹೋಗುತ್ತದೆ. 1.1ರಷ್ಟು ಮರಳಿದರೆ? 1.1, 1.21, 1.33... 25 ಸುತ್ತುಗಳಲ್ಲಿ ಹತ್ತು ಪಟ್ಟು ದಾಟುತ್ತದೆ! ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸ್ಪೀಕರ್ 3.4 ಮೀಟರ್ ದೂರದಲ್ಲಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಅಂದರೆ 25 ಸುತ್ತು ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಿರುಚಾಟ ದಿಢೀರನೆ ಎದ್ದಂತೆ ಅನಿಸುವುದು ಇದಕ್ಕೇ. ಎಲ್ಲ ಸ್ವರಗಳೂ ಹೀಗೆ ಬೆಳೆಯುವುದಿಲ್ಲ. ಆ ಮೈಕು, ಆ ಸ್ಪೀಕರ್, ಆ ಮಂಟಪಕ್ಕೆ ಯಾವ ಸ್ವರ ಅತ್ಯಂತ ಅನುಕೂಲವೋ ಅದೊಂದೇ ಗೆದ್ದು ಮೇಲೇಳುತ್ತದೆ. ಆಂಪ್ಲಿಫೈಯರಿನ ಶಕ್ತಿ ಮುಗಿದಲ್ಲಿ ಅದರ ಬೆಳವಣಿಗೆ ನಿಲ್ಲುತ್ತದೆ. ಇದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಡೆನ್ಮಾರ್ಕಿನ ವಿಜ್ಞಾನಿ ಲಾರ್ಸನ್ ಅವರ ಹೆಸರಿನಿಂದ 'ಲಾರ್ಸನ್ ಪರಿಣಾಮ' ಎಂದೂ ಕರೆಯುತ್ತಾರೆ.

ಈಗ ಆ ಹುಡುಗಿಯ ಕೈಯನ್ನು ಗಮನಿಸಿ. ಮೈಕು ಬಾಯಿಂದ ಸುಮಾರು 40 ಸೆಂ.ಮೀ. ದೂರದಲ್ಲಿತ್ತು. ದೂರ ಅರ್ಧವಾದಾಗ ಪೊರೆಯ ಮೇಲೆ ಬೀಳುವ ಧ್ವನಿಯ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಅವಳು ಮೈಕನ್ನು 10 ಸೆಂ.ಮೀ.ಗೆ ತಂದಿದ್ದರೆ ಅದು ನಾಲ್ಕು ಪಟ್ಟಾಗುತ್ತಿತ್ತು. ಸ್ಪೀಕರಿನಿಂದ ಬರುವ ಧ್ವನಿ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಆಗ ಮೈಕ್ ಸೆಟ್ಟಿನವರು ಧ್ವನಿ ಹೆಚ್ಚಿಸುವ ಬದಲು ತಗ್ಗಿಸಬಹುದಿತ್ತು. ಸುತ್ತು ಒಂದಕ್ಕಿಂತ ಕೆಳಗೇ ಉಳಿಯುತ್ತಿತ್ತು.

ಹಾಗಾದರೆ ಬಾಯಿಗೆ ಅಂಟಿಸಿಯೇ ಹಿಡಿಯೋಣವೇ? ಬೇಡ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಕಮಲ' ಎನ್ನಿ, ಆಮೇಲೆ 'ಫಲ', 'ಭಾರತ' ಎನ್ನಿ. ಎರಡನೆಯ ಸಲ ಗಾಳಿ ಫಕ್ಕನೆ ಬಡಿಯಿತಲ್ಲವೇ? ಈ ಗಾಳಿ ನೇರವಾಗಿ ಪೊರೆಗೆ ಬಿದ್ದರೆ ಸ್ಪೀಕರಿನಲ್ಲಿ 'ಧಬ್' ಎನ್ನುತ್ತದೆ. ಬಹಳ ಹತ್ತಿರವಾದರೆ ಇಂಥ ಮೈಕಿನಲ್ಲಿ ದನಿಯೂ ದಪ್ಪಗಾಗುತ್ತದೆ. ನಾಲ್ಕು ಬೆರಳಿನಗಲ ಬಿಡಿ. ಗಲ್ಲದ ಮಟ್ಟದಿಂದ ಜಾಲರಿ ಬಾಯಿಯ ಕಡೆಗೆ ಓರೆಯಾಗಿ ನೋಡುವಂತೆ ಹಿಡಿಯಿರಿ. ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ. ತಲೆ ತಿರುಗಿಸಿದಾಗ ಮೈಕೂ ಜೊತೆಗೇ ತಿರುಗಬೇಕು.

ಅಂಗೈ ಮುಚ್ಚಿದಾಗ ಸದ್ದು ಏಕೆ ಹೆಚ್ಚಿತು? ಇದು ನನಗೆ ಬಹಳ ಇಷ್ಟವಾದ ಭಾಗ. ವೇದಿಕೆಯ ಹೆಚ್ಚಿನ ಮೈಕುಗಳಲ್ಲಿ ಪೊರೆಯ ಹಿಂದೆಯೂ ಧ್ವನಿ ಒಳಬರುವ ಕಂಡಿಗಳಿರುತ್ತವೆ. ಹಿಂದಿನಿಂದ ಬಂದ ಧ್ವನಿ ಪೊರೆಯ ಎರಡೂ ಕಡೆಗೆ ತಲುಪಿ, ಒಂದರ ತಳ್ಳಾಟವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಆದ್ದರಿಂದ ಮೈಕು ಮುಂದಿನದನ್ನು ಚೆನ್ನಾಗಿ, ಹಿಂದಿನದನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದರೆ ಕಂಡಿಗಳು ಮುಚ್ಚಿ, ಅದು ಎಲ್ಲ ಕಡೆಯ ಧ್ವನಿಗೂ ಕಿವಿಗೊಡುತ್ತದೆ. ಸ್ಪೀಕರಿಗೂ! ಹಿಡಿಯ ಮಧ್ಯಭಾಗವನ್ನೇ ಹಿಡಿಯಬೇಕು.

ಕಿರುಚಾಟ ಎದ್ದರೆ ಮೈಕನ್ನು ಮುಚ್ಚಬೇಡಿ, ನೆಲದತ್ತ ಇಳಿಬಿಡಲೂಬೇಡಿ. ವೇದಿಕೆಯ ನೆಲದ ಮೇಲೆ ಭಾಷಣಕಾರರಿಗೆಂದೇ ಇಟ್ಟ ಸ್ಪೀಕರಿನ ಕಡೆಗೆ ಅದು ಮುಖ ಮಾಡೀತು. ಬಾಯಿಯ ಬಳಿಗೆ ತಂದು, ಸಭಿಕರತ್ತ ತಿರುಗಿಸಿಟ್ಟ ದೊಡ್ಡ ಸ್ಪೀಕರುಗಳಿಗಿಂತ ಹಿಂದಕ್ಕೆ ಸರಿಯಿರಿ. ಇಷ್ಟಾದರೂ ನಿಲ್ಲದಿದ್ದರೆ ಧ್ವನಿ ತಗ್ಗಿಸುವುದು ಮೈಕ್ ಸೆಟ್ಟಿನವರ ಕೆಲಸ. ಬೆಳಿಗ್ಗೆ ಖಾಲಿ ಮಂಟಪದಲ್ಲಿ ಅಭ್ಯಾಸ ಮಾಡುವಾಗ ಕಿರುಚಾಟ ಬೇಗ ಏಳುವುದುಂಟು. ಬರಿಯ ಗೋಡೆ, ನುಣುಪು ನೆಲ ಧ್ವನಿಯನ್ನು ಮರಳಿಸುತ್ತವೆ. ಜನ ತುಂಬಿದರೆ ಅವರ ಬಟ್ಟೆ, ಮೈ ಅದನ್ನು ಹೀರುತ್ತವೆ.

ಆ ದಿನ ಮೈಕ್ ಸೆಟ್ಟಿನವರು ವೇದಿಕೆಗೆ ಬಂದು, "ಇಲ್ಲಿ ಹಿಡ್ಕೋ ಮಗಳೇ" ಎಂದು ಹುಡುಗಿಯ ಬೆರಳುಗಳನ್ನು ಜಾಲರಿಯಿಂದ ಕೆಳಕ್ಕೆ ಸರಿಸಿದರು. ಗಲ್ಲದ ಬಳಿ ನಾಲ್ಕು ಬೆರಳು ಇಟ್ಟು ದೂರ ತೋರಿಸಿದರು. ವಾಪಸು ಹೋಗಿ ಧ್ವನಿ ತಗ್ಗಿಸಿದರು. ಹುಡುಗಿ "ಎಲ್ಲರಿಗೂ ನಮಸ್ಕಾರ" ಎಂದು ಮೊದಲಿನಿಂದ ಶುರುಮಾಡಿದಳು. ಹಿಂದಿನ ಸಾಲಿನಿಂದ ಈ ಸಲ ಯಾರೂ ಕೂಗಲಿಲ್ಲ.