ಕಂಬಿ ಎಳೆದಾಯಿತು, ವರದಿ ಬರೆಯುವುದು ಹೇಗೆ?

ಇಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಸಾಲು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ: ‘ಉತ್ತರದಲ್ಲಿ ವ್ಯತ್ಯಾಸ ಬರಲು ಮಾನವ ದೋಷ ಹಾಗೂ ಯಂತ್ರದ ದೋಷ ಕಾರಣ.’ ದೋಷ ಯಾವ ಅಳತೆಯಲ್ಲಿತ್ತು, ಎಷ್ಟಿತ್ತು, ಉತ್ತರವನ್ನು ಹೆಚ್ಚಿಸಿತೋ ತಗ್ಗಿಸಿತೋ ಎಂಬುದನ್ನು ಹೇಳದ ಈ ಸಾಲು ಇದ್ದೂ ಇಲ್ಲದಂತೆ.

ಟೆನ್ಸೈಲ್ ಪರೀಕ್ಷೆಯನ್ನೇ ನೋಡೋಣ. ಮೈಲ್ಡ್ ಸ್ಟೀಲಿನ ಕಂಬಿಯೊಂದರ ಎರಡೂ ತುದಿಗಳನ್ನು ಯುಟಿಎಂ ಯಂತ್ರದ ದವಡೆಗಳಿಗೆ ಕಚ್ಚಿಸಿ, ಅದು ತುಂಡಾಗುವವರೆಗೆ ಎಳೆಯುತ್ತಾರೆ. ಎಷ್ಟು ಭಾರಕ್ಕೆ ಎಷ್ಟು ಹಿಗ್ಗಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ವರದಿಯ ಮೊದಲ ಭಾಗಗಳು ಸುಲಭ: ಉದ್ದೇಶ, ಕಂಬಿಯ ಅಳತೆ, ಬಳಸಿದ ಉಪಕರಣಗಳು, ನಡೆಸಿದ ಕ್ರಮ, ಅಳತೆಗಳ ಪಟ್ಟಿ, ಗ್ರಾಫ್. ಉಪಕರಣದ ಹೆಸರಿನ ಜೊತೆ ಅದರ ಲೀಸ್ಟ್ ಕೌಂಟ್, ಅಂದರೆ ಅದು ಓದಬಲ್ಲ ಅತಿ ಸಣ್ಣ ಅಳತೆಯನ್ನೂ ಬರೆಯಬೇಕು. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಬಿಯ ವ್ಯಾಸ 10.00 ಮಿ.ಮೀ., ಹಿಗ್ಗುವಿಕೆ ಅಳೆಯಲು ಗುರುತು ಮಾಡಿಕೊಂಡ ಗೇಜ್ ಉದ್ದ 50 ಮಿ.ಮೀ. ಕಂಬಿ ಮೊದಲ ಬಾರಿಗೆ ಸೋತು, ಭಾರ ಹೆಚ್ಚದೆಯೂ ಹಿಗ್ಗತೊಡಗಿದ್ದು 22.0 ಕಿಲೋನ್ಯೂಟನ್‌ಗೆ. ಅಡ್ಡಕೊಯ್ತದ ವಿಸ್ತೀರ್ಣ 78.54 ಚದರ ಮಿ.ಮೀ. ಭಾರವನ್ನು ಅದರಿಂದ ಭಾಗಿಸಿದರೆ ಈಲ್ಡ್ ಸ್ಟ್ರೆಸ್ 280 ಮೆಗಾಪಾಸ್ಕಲ್.

ಇದನ್ನು ಎಷ್ಟು ನಂಬಬಹುದು? ವರ್ನಿಯರ್ 0.02 ಮಿ.ಮೀ. ವರೆಗೆ ಓದುತ್ತದೆ, ಅಂದರೆ ವ್ಯಾಸದಲ್ಲಿ ಶೇ. 0.2ರ ಅನುಮಾನ. ವಿಸ್ತೀರ್ಣದಲ್ಲಿ ವ್ಯಾಸದ ವರ್ಗ ಬರುವುದರಿಂದ ಅದು ಇಮ್ಮಡಿಯಾಗಿ ಶೇ. 0.4 ಆಗುತ್ತದೆ. ಭಾರದ ಓದು 0.1 ಕಿಲೋನ್ಯೂಟನ್ ಆಚೀಚೆ ಇರಬಹುದು, ಅದು ಶೇ. 0.45. ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲವಾದ್ದರಿಂದ ನೇರವಾಗಿ ಕೂಡದೆ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಸಿಗುವುದು ಶೇ. 0.6. ಹಾಗಾಗಿ ಉತ್ತರ 280 ± 2 ಮೆಗಾಪಾಸ್ಕಲ್. ಕ್ಯಾಲ್ಕುಲೇಟರ್ ತೋರಿಸಿತೆಂದು 280.11 ಎಂದು ಬರೆದರೆ ನಮಗಿಲ್ಲದ ನಿಖರತೆಯನ್ನು ತೋರಿಸಿದಂತಾಗುತ್ತದೆ.

ಅದೇ ಕಂಬಿಯ ಯಂಗ್ಸ್ ಮಾಡ್ಯುಲಸ್‌ಗೆ ಬಂದರೆ ಕಥೆಯೇ ಬೇರೆ. ಉಕ್ಕಿನಲ್ಲಿ ಅದು ಸುಮಾರು 200 ಗಿಗಾಪಾಸ್ಕಲ್ ಇರುತ್ತದೆ. 15.7 ಕಿಲೋನ್ಯೂಟನ್ ಭಾರಕ್ಕೆ ಸ್ಟ್ರೆಸ್ 200 ಮೆಗಾಪಾಸ್ಕಲ್, ಆಗ 50 ಮಿ.ಮೀ. ಉದ್ದ ಹಿಗ್ಗುವುದು ಬರೀ 0.05 ಮಿ.ಮೀ. ಕಂಬಿಗೇ ಕಟ್ಟುವ ಎಕ್ಸ್‌ಟೆನ್ಸೋಮೀಟರ್ 0.01 ಮಿ.ಮೀ. ವರೆಗೆ ಮಾತ್ರ ಓದುವಂಥದ್ದಾದರೆ ಐದರಲ್ಲಿ ಒಂದು ಪಾಲು ಅನುಮಾನ. ಉತ್ತರ 200 ± 40 ಗಿಗಾಪಾಸ್ಕಲ್. ಒಂದೇ ಬಿಂದುವಿನ ಬದಲು ಹಲವು ಓದುಗಳಿಗೆ ಸರಳರೇಖೆ ಎಳೆದು ಇಳಿಜಾರು ತೆಗೆದರೆ ಈ ಅನುಮಾನ ಸ್ವಲ್ಪ ತಗ್ಗುತ್ತದೆ.

ಎಕ್ಸ್‌ಟೆನ್ಸೋಮೀಟರ್ ಕಟ್ಟದೆ ಯಂತ್ರದ ಕ್ರಾಸ್‌ಹೆಡ್ ಎಷ್ಟು ಸರಿಯಿತು ಎಂಬುದನ್ನೇ ಹಿಗ್ಗುವಿಕೆ ಎಂದು ತೆಗೆದುಕೊಂಡರೆ ಇನ್ನೂ ದೊಡ್ಡ ಎಡವಟ್ಟು. ಅದೇ ಭಾರಕ್ಕೆ ಅದು 0.4 ಮಿ.ಮೀ. ತೋರಿಸಿತು ಎನ್ನಿ, ಮಾಡ್ಯುಲಸ್ 25 ಗಿಗಾಪಾಸ್ಕಲ್‌ಗೆ ಕುಸಿಯುತ್ತದೆ. ದವಡೆಯ ಹಲ್ಲುಗಳು ಕಂಬಿಯೊಳಗೆ ಇಳಿದದ್ದು, ಯಂತ್ರದ ಚೌಕಟ್ಟು ಬಾಗಿದ್ದು, ಗೇಜ್ ಉದ್ದದ ಹೊರಗಿನ ಕಂಬಿ ಹಿಗ್ಗಿದ್ದು ಎಲ್ಲ ಆ ಅಂಕಿಯಲ್ಲಿ ಸೇರಿರುತ್ತವೆ. ಈ ದೋಷ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ, ಮಾಡ್ಯುಲಸ್ಸನ್ನು ತಗ್ಗಿಸುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆದರೂ ಹೋಗುವುದಿಲ್ಲ. ಗ್ರಾಫಿನ ಆರಂಭದಲ್ಲಿ ಗೆರೆ ನೇರವಾಗಿ ಏಳದೆ ಬಾಗಿಕೊಂಡು ಏಳುವುದು, ಕಂಬಿಯ ತುದಿಯಲ್ಲಿ ಉದ್ದಕ್ಕೆ ಗೀರುಗಳಿರುವುದು ದವಡೆ ಜಾರಿದ್ದರ ಕುರುಹು.

ಚರ್ಚೆಯ ಭಾಗದಲ್ಲಿ ಬರೆಯಬೇಕಾದದ್ದು ಇಂಥದ್ದನ್ನೇ. ಫಲಿತಾಂಶವನ್ನು ಮತ್ತೊಮ್ಮೆ ನಕಲು ಮಾಡುವುದು ಚರ್ಚೆಯಲ್ಲ. ಇನ್ನೊಂದು ಸಂಗತಿಯೂ ಅಲ್ಲಿ ಬರಬೇಕು. ನಮ್ಮ ಕಂಬಿ 33.8 ಕಿಲೋನ್ಯೂಟನ್ ತಡೆದು, ಕೊನೆಗೆ 24 ಕಿಲೋನ್ಯೂಟನ್‌ಗೆ ತುಂಡಾಯಿತು ಎಂದಿಟ್ಟುಕೊಳ್ಳಿ. ಗ್ರಾಫ್ ಕೆಳಗಿಳಿದದ್ದು ನೋಡಿ ಉಕ್ಕು ದುರ್ಬಲವಾಯಿತು ಎಂದು ಬರೆಯುವವರುಂಟು. ತುಂಡಾದ ಜಾಗದಲ್ಲಿ ವ್ಯಾಸ ಅಳೆದರೆ 6.2 ಮಿ.ಮೀ., ವಿಸ್ತೀರ್ಣ ಸುಮಾರು 30 ಚದರ ಮಿ.ಮೀ. ಅದರಿಂದ ಭಾಗಿಸಿದರೆ ಅಲ್ಲಿದ್ದ ಸರಾಸರಿ ಸ್ಟ್ರೆಸ್ 800 ಮೆಗಾಪಾಸ್ಕಲ್ ಹತ್ತಿರ. ಭಾರ ಇಳಿದದ್ದು ಕಂಬಿಯ ಕತ್ತು ಸಣ್ಣದಾದ್ದರಿಂದ.

ತೀರ್ಮಾನಕ್ಕೆ ಎರಡು ಮೂರು ಸಾಲು ಸಾಕು: ಈಲ್ಡ್ ಸ್ಟ್ರೆಸ್ 280 ± 2, ಇದನ್ನು ನಂಬಬಹುದು, ಮಾಡ್ಯುಲಸ್ 200 ± 40, ಇದರಿಂದ ಉಕ್ಕೆಂದು ಗುರುತಿಸಬಹುದೇ ಹೊರತು ಹೆಚ್ಚಿನದೇನೂ ಹೇಳಲಾಗದು, 0.001 ಮಿ.ಮೀ. ಓದುವ ಎಕ್ಸ್‌ಟೆನ್ಸೋಮೀಟರ್ ಬಳಸಿದರೆ ಆ ಅನುಮಾನ ಶೇ. 2ರ ಆಸುಪಾಸಿಗೆ ಇಳಿಯುತ್ತದೆ. ರೆಕಾರ್ಡಿಗೆ ಸಹಿ ಹಾಕುವ ಮೇಷ್ಟ್ರುಗಳೂ ಉತ್ತರ 200 ಬಂತೇ ಎಂದಷ್ಟೇ ನೋಡದೆ, ± ಆದಮೇಲಿನ ಅಂಕಿ ಎಲ್ಲಿಂದ ಬಂತು ಎಂದು ಕೇಳಲಿ.